ಎರೆಮಣ್ಣಿನಲ್ಲಿ ತೇವದ ಸೆನ್ಸರ್ ಓವನ್ ಲೆಕ್ಕಕ್ಕೆ ತಾಳೆಯಾಗದಿದ್ದರೆ ಎಲ್ಲೆಲ್ಲಿ ಹುಡುಕಬೇಕು

ದೂರು ಹೆಚ್ಚಾಗಿ ಹೀಗೇ ಇರುತ್ತದೆ. ಎರೆ ಹೊಲದಲ್ಲಿ ಕೆಪಾಸಿಟಿವ್ ಸೆನ್ಸರ್ ಹೂತಿದ್ದಾರೆ, ಪಕ್ಕದಿಂದ ಮಣ್ಣು ತೆಗೆದು ಓವನ್‌ನಲ್ಲಿ ಒಣಗಿಸಿ ತೂಕ ಹಾಕಿದ್ದಾರೆ, ಎರಡನ್ನೂ ಗ್ರಾಫ್ ಮೇಲೆ ಹಾಕಿ ಗೆರೆಯನ್ನೂ ಎಳೆದಿದ್ದಾರೆ. ಗೆರೆ ಚೆನ್ನಾಗಿಯೇ ಕೂತಿದೆ. ಆದರೆ ಹೊಲದಲ್ಲಿ ಮಾತ್ರ ಲೆಕ್ಕ ಹೊಂದುತ್ತಿಲ್ಲ. ಸೆನ್ಸರ್ ಹೇಳಿದಷ್ಟು ನೀರು ಬಿಟ್ಟರೆ ಸಾಲಿನಲ್ಲಿ ಕೆಸರು, ಇಲ್ಲಾ ಮಳೆ ಬಂದ ಮರುದಿನ ಸೆನ್ಸರ್ 52% ಅಂತ ತೋರಿಸುತ್ತದೆ. ಆಗ ಎಲ್ಲರೂ ಮೊದಲು ಬೈಯೋದು ಸೆನ್ಸರನ್ನೇ.

ಮಸಾರಿ ಮಣ್ಣಾಗಿದ್ದರೆ ನಾನೂ ಮೊದಲು ಸೆನ್ಸರನ್ನೇ ಬಿಚ್ಚಿ ನೋಡುತ್ತಿದ್ದೆ. ಎರೆಮಣ್ಣಿನಲ್ಲಿ ಮಾತ್ರ ಮೊದಲು ಓವನ್ ಕಡೆಯ ಲೆಕ್ಕ ನೋಡಬೇಕು. ಈ ಮಣ್ಣಿನ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ. ಹಾಗಾಗಿ ನಾವು "ನಿಜ" ಅಂತ ನಂಬಿಕೊಂಡ ಓವನ್ ಸಂಖ್ಯೆಯೇ ಎಷ್ಟೋ ಸಲ ತಪ್ಪಿರುತ್ತದೆ.

ಮೊದಲು ಈ ಒಂದು ಪರೀಕ್ಷೆ ಮಾಡಿ

ಓವನ್ ನೇರವಾಗಿ ಕೊಡೋದು ತೂಕದ ಲೆಕ್ಕದ ತೇವ. ಅಂದರೆ ಒಣಮಣ್ಣಿನ ತೂಕಕ್ಕೆ ಎಷ್ಟು ತೂಕದ ನೀರು ಇತ್ತು ಅನ್ನೋದು. ಸೆನ್ಸರ್‌ಗೆ ತೂಕ ಗೊತ್ತಾಗೋದಿಲ್ಲ. ಅದು ತನ್ನ ಸುತ್ತಲಿನ ಜಾಗದಲ್ಲಿ ಎಷ್ಟು ಭಾಗ ನೀರಿದೆ ಅಂತ ನೋಡುತ್ತದೆ, ಅಂದರೆ ಗಾತ್ರದ ಲೆಕ್ಕ. ಒಂದರಿಂದ ಇನ್ನೊಂದಕ್ಕೆ ಹೋಗಲು ಬಲ್ಕ್ ಡೆನ್ಸಿಟಿ ಬೇಕು, ಅಂದರೆ ಹೊಲದಲ್ಲಿ ಇದ್ದ ಹಾಗೇ ಇರುವ ಒಂದು ಘನ ಸೆಂ.ಮೀ. ಮಣ್ಣಿನಲ್ಲಿ ಎಷ್ಟು ಗ್ರಾಂ ಒಣಮಣ್ಣು ಇದೆ ಅನ್ನೋದು.

```
w     = (ಹಸಿ ತೂಕ - ಒಣ ತೂಕ) / (ಒಣ ತೂಕ - ಡಬ್ಬಿ ತೂಕ)
theta = w * BD
ರಂಧ್ರ  = 1 - BD / 2.65
```

ಇಲ್ಲಿ w ಅಂದರೆ ತೂಕದ ತೇವ, theta ಅಂದರೆ ಗಾತ್ರದ ತೇವ, BD ಅಂದರೆ ಬಲ್ಕ್ ಡೆನ್ಸಿಟಿ. ಮೊದಲ ಸಾಲಿನ ಹಸಿ ತೂಕ, ಒಣ ತೂಕ ಎರಡೂ ಡಬ್ಬಿ ಸೇರಿಸಿ ಹಾಕಿದ್ದು. ಮೂರನೇ ಸಾಲು ಬಹಳ ಉಪಯೋಗಕ್ಕೆ ಬರುತ್ತದೆ. 2.65 ಅನ್ನೋದು ಮಣ್ಣಿನ ಖನಿಜ ಕಣಗಳ ಸಾಂದ್ರತೆಗೆ ಸಾಮಾನ್ಯವಾಗಿ ಹಿಡಿಯುವ ಬೆಲೆ. ಒಟ್ಟು ಜಾಗದಲ್ಲಿ ಕಣಗಳು ತುಂಬಿದ್ದು ಹೋಗಿ ಉಳಿದದ್ದೇ ರಂಧ್ರ, ನೀರು ಇರಬೇಕಾದದ್ದೂ ಅಲ್ಲೇ. ಹಾಗಾಗಿ ನಿಮ್ಮ theta ಯಾವತ್ತೂ ರಂಧ್ರಕ್ಕಿಂತ ಜಾಸ್ತಿ ಬರಬಾರದು. ಹೊಲದಲ್ಲಿ ಒಂದಿಷ್ಟು ಗಾಳಿ ಸಿಕ್ಕಿಹಾಕಿಕೊಂಡೇ ಇರುತ್ತದೆ, ಆದ್ದರಿಂದ ರಂಧ್ರಕ್ಕೆ ಸಮ ಬಂದರೂ ಅನುಮಾನ ಪಡಬೇಕು.

ಈಗ ಒಂದು ಲೆಕ್ಕ ನೋಡೋಣ. ಗದಗ ಸೀಮೆಯ ಎರೆ ಹೊಲ, ಡ್ರಿಪ್ ಹಾಕಿದ ಮೆಣಸಿನಕಾಯಿ, ಸೆನ್ಸರ್ 20 ಸೆಂ.ಮೀ. ಆಳದಲ್ಲಿದೆ. ಹೊಲದವರು ನನ್ನ ಗೆಳೆಯರು, ಕೆಲಸ ಅಚ್ಚುಕಟ್ಟು. ಬೇಸಿಗೆ ಕೊನೆಯಲ್ಲಿ ಒಂದು ಸಲ ಬಲ್ಕ್ ಡೆನ್ಸಿಟಿ ತೆಗೆಸಿದ್ದರು, 1.45 ಬಂದಿತ್ತು. ಆಮೇಲೆ ಎಲ್ಲಾ ಮಾದರಿಗಳಿಗೂ ಅದೇ 1.45 ಗುಣಿಸುತ್ತಾ ಬಂದರು. ಪುಸ್ತಕದಲ್ಲಿ ಹೇಳೋದೂ ಹಾಗೇ ಅಲ್ವಾ? ಮರಳು ಜಾಸ್ತಿ ಇರುವ ಮಣ್ಣಿಗೆ ಅದು ನಡೆಯುತ್ತದೆ.

ನೀರು ಬಿಟ್ಟು ಬಸಿದ ಮೇಲೆ ತೆಗೆದ ಮಾದರಿಯಲ್ಲಿ ತೂಕದ ತೇವ 0.36 ಬಂದಿತ್ತು. 1.45 ರಿಂದ ಗುಣಿಸಿದರೆ 0.522. ಆದರೆ 1.45 ಡೆನ್ಸಿಟಿಯ ಮಣ್ಣಿನಲ್ಲಿ ಒಟ್ಟು ರಂಧ್ರವೇ 1 − 1.45/2.65, ಅಂದರೆ ಸುಮಾರು 0.453. ನಲವತ್ತೈದು ಭಾಗ ಖಾಲಿ ಜಾಗದಲ್ಲಿ ಐವತ್ತೆರಡು ಭಾಗ ನೀರು ಹೇಗೆ ಕೂರುತ್ತದೆ? ಕೂರೋದಿಲ್ಲ. ಇಲ್ಲಿಗೆ ಸೆನ್ಸರ್ ವಿಷಯ ಪಕ್ಕಕ್ಕಿಡಿ, ತಪ್ಪು ಓವನ್ ಕಡೆಯ ಲೆಕ್ಕದಲ್ಲೇ ಇದೆ ಅಂತ ಸಾಬೀತಾಯಿತು.

ಆಗಿದ್ದು ಇಷ್ಟೇ. 1.45 ಒಣಗಿ ಕುಗ್ಗಿದ ಮಣ್ಣಿನ ಡೆನ್ಸಿಟಿ. ಹಸಿಯಾದಾಗ ಅದೇ ಮಣ್ಣು ಉಬ್ಬಿ 1.20 ಆಗಿತ್ತು. ಪ್ರತಿ ಸಲವೂ ಉಂಗುರ ಹೊಡೆದು ತೆಗೆದ ಮಾದರಿಗಳ ಸರಾಸರಿ ಹೀಗಿದೆ.

| ಸೆನ್ಸರ್, ಮಿಲಿವೋಲ್ಟ್ | ತೂಕದ ತೇವ | ಆ ಹೊತ್ತಿನ ಡೆನ್ಸಿಟಿ | ನಿಜವಾದ theta | 1.45 ಹಾಕಿದರೆ |
|---|---|---|---|---|
| 1290 | 0.36 | 1.20 | 0.432 | 0.522 |
| 1400 | 0.28 | 1.30 | 0.364 | 0.406 |
| 1560 | 0.20 | 1.40 | 0.280 | 0.290 |
| 1720 | 0.14 | 1.48 | 0.207 | 0.203 |

ಒಣ ಕಡೆ ಎರಡೂ ಹೆಚ್ಚುಕಡಿಮೆ ಒಂದೇ. ಹಸಿ ಕಡೆ ಹೋದಂತೆ ಎರಡರ ಅಂತರ ದೊಡ್ಡದಾಗುತ್ತದೆ. ಕೊನೆಯ ಕಾಲಮ್ಮಿಗೆ ನೇರ ಗೆರೆ ಎಳೆದರೆ R² ಸುಮಾರು 0.98 ಬರುತ್ತದೆ. ನಿಜವಾದ theta ಗೆ ಎಳೆದರೆ 0.996. ಅಂದರೆ ತಪ್ಪು ಲೆಕ್ಕಕ್ಕೂ 0.98 ಸಿಕ್ಕಿಬಿಟ್ಟಿತು, ನೋಡಿದವರಿಗೆ ಏನೂ ಅನುಮಾನ ಬರೋದಿಲ್ಲ! R² ನೋಡಿ ಕ್ಯಾಲಿಬ್ರೇಷನ್ ಸರಿ ಇದೆ ಅನ್ನೋರಿಗೆ ನಾನು ಹೇಳೋದು ಇದನ್ನೇ. ಬಿಂದುಗಳು ಗೆರೆಯ ಹತ್ತಿರ ಇವೆ ಅಂತ ಅದು ಹೇಳುತ್ತದೆ ಅಷ್ಟೇ, ಬಿಂದುಗಳೇ ತಪ್ಪು ಜಾಗದಲ್ಲಿವೆ ಅಂತ ಹೇಳೋದಿಲ್ಲ.

ನೀರಿನ ಲೆಕ್ಕದಲ್ಲಿ ಇದು ಸಣ್ಣ ತಪ್ಪಲ್ಲ. ಮೇಲಿನ 20 ಸೆಂ.ಮೀ. ಪದರು 1290 ರಿಂದ 1560 ಮಿಲಿವೋಲ್ಟ್‌ಗೆ ಒಣಗಿತು ಅಂದುಕೊಳ್ಳಿ. ನಿಜವಾಗಿ ಕಡಿಮೆಯಾದ ನೀರು 0.152 ಭಾಗ, ಅಂದರೆ ಸುಮಾರು 30 ಮಿ.ಮೀ. ತಪ್ಪು ಲೆಕ್ಕದಲ್ಲಿ 46 ಮಿ.ಮೀ. ಸಲಕ್ಕೆ 16 ಮಿ.ಮೀ. ನೀರು ಸುಮ್ನೆ ಹೆಚ್ಚಿಗೆ ಹೋಗುತ್ತದೆ. ಎರೆಯಲ್ಲಿ ಅದು ಬೇಗ ಬಸಿಯೋದೂ ಇಲ್ಲ, ಬೇರಿನ ಹತ್ತಿರವೇ ನಿಲ್ಲುತ್ತದೆ. ಸಾಲಿನ ಕೆಸರು ಬಂದದ್ದು ಅಲ್ಲಿಂದ.

ಉಂಗುರದಿಂದ ತೆಗೆದರೆ ಡೆನ್ಸಿಟಿಯ ಗೊಡವೆಯೇ ಬೇಡ

ಪರಿಹಾರ ಸುಲಭ, ಕೆಲಸ ಮಾತ್ರ ಜಾಸ್ತಿ. ಚಮಚದಲ್ಲೋ ಆಗರ್‌ನಲ್ಲೋ ಮಣ್ಣು ಕೆರೆದು ತರಬೇಡಿ. ಪ್ರತಿ ಸಲವೂ ಗಾತ್ರ ಗೊತ್ತಿರುವ ಲೋಹದ ಉಂಗುರದಲ್ಲೇ ಮಾದರಿ ತೆಗೆಯಿರಿ. 100 ಘನ ಸೆಂ.ಮೀ. ಉಂಗುರವಾದರೆ ಲೆಕ್ಕ ಬಾಯಲ್ಲೇ ಆಗುತ್ತದೆ. ಮೇಲಿನ ಹಸಿ ಮಾದರಿಯಲ್ಲಿ ಒಂದನ್ನೇ ತೆಗೆದುಕೊಳ್ಳಿ. ಡಬ್ಬಿ 41.5 ಗ್ರಾಂ, ಡಬ್ಬಿ ಸೇರಿ ಹಸಿ ಮಣ್ಣು 204.7, ಒಣಗಿದ ಮೇಲೆ 161.5. ಹೋದ ನೀರು 43.2 ಗ್ರಾಂ, ಅಂದರೆ 43.2 ಘನ ಸೆಂ.ಮೀ. ಉಂಗುರದ ಗಾತ್ರ 100. ಹಾಗಾಗಿ theta 0.432, ಮುಗಿಯಿತು. ಎಲ್ಲೂ ಡೆನ್ಸಿಟಿ ಗುಣಿಸಲೇ ಇಲ್ಲ. ಒಣಮಣ್ಣು 120 ಗ್ರಾಂ ಇರೋದರಿಂದ ಆ ಹೊತ್ತಿನ ಡೆನ್ಸಿಟಿ 1.20 ಅನ್ನೋದೂ ಪುಕ್ಕಟೆ ಸಿಕ್ಕಿತು.

ಆದರೆ ಎರೆಮಣ್ಣಿಗೆ ಉಂಗುರ ಹೊಡೆಯುವಾಗ ಎರಡು ಕಡೆ ಕೈ ಕೊಡುತ್ತದೆ.

ಮಣ್ಣು ಹಸಿ ಇದ್ದಾಗ ಸುತ್ತಿಗೆಯಿಂದ ಬಡಿದರೆ ಉಂಗುರದೊಳಗಿನ ಮಣ್ಣು ಅದುಮಿಕೊಳ್ಳುತ್ತದೆ. ಗುರುತಿಸೋದು ಸುಲಭ. ಉಂಗುರ ಇಳಿಸಿದ ಮೇಲೆ ಬಗ್ಗಿ ನೋಡಿ, ಒಳಗಿನ ಮಣ್ಣಿನ ಮಟ್ಟ ಹೊರಗಿನದಕ್ಕಿಂತ ಕೆಳಗಿದೆಯಾ? 5 ಸೆಂ.ಮೀ. ಎತ್ತರದ ಉಂಗುರದಲ್ಲಿ 5 ಮಿ.ಮೀ. ಕೆಳಗಿಳಿದಿದ್ದರೆ ಹತ್ತರಲ್ಲಿ ಒಂದು ಭಾಗ ಅದುಮಿದೆ ಅಂತ ಅರ್ಥ. ಆ ಮಾದರಿ ಬಿಸಾಕಿ. ಉಂಗುರದ ಒಳಗೆ ತೆಳುವಾಗಿ ಎಣ್ಣೆ ಸವರಿ, ಅಂಚು ಹರಿತ ಇರಲಿ, ಬಡಿಯುವ ಬದಲು ಮೇಲೆ ಮರದ ತುಂಡಿಟ್ಟು ನಿಧಾನವಾಗಿ ಒತ್ತಿ.

ಮಣ್ಣು ಒಣಗಿದಾಗ ಉಲ್ಟಾ ಕಥೆ. ಉಂಗುರ ಇಳಿಯೋದಿಲ್ಲ, ಇಳಿದರೂ ಮಣ್ಣು ಪುಡಿಯಾಗುತ್ತದೆ, ಅರ್ಧ ಖಾಲಿ ಉಂಗುರ ಕೈಗೆ ಬರುತ್ತದೆ. ಆಗ ಹೆಂಟೆ ವಿಧಾನಕ್ಕೆ ಹೋಗಬೇಕು. ಮುಷ್ಟಿ ಗಾತ್ರದ ಹೆಂಟೆಯನ್ನು ದಾರ ಕಟ್ಟಿ ತೂಗಿ, ಕರಗಿದ ಮೇಣದಲ್ಲಿ ಅದ್ದಿ ತೆಗೆದು ಮತ್ತೆ ತೂಗಿ, ಆಮೇಲೆ ನೀರಿನಲ್ಲಿ ಮುಳುಗಿಸಿ ಎಷ್ಟು ನೀರು ಜಾಗ ಬಿಟ್ಟಿತು ಅಂತ ನೋಡಿ. ಅದರಲ್ಲಿ ಮೇಣದ ಗಾತ್ರ ಕಳೆಯಬೇಕು, ಮೇಣದ ತೂಕವನ್ನು 0.9 ರಿಂದ ಭಾಗಿಸಿದರೆ ಅದು ಬರುತ್ತದೆ. ಒಂದು ಮಾತು ಮಾತ್ರ ನೆನಪಿರಲಿ, ಹೆಂಟೆಯ ಒಳಗೆ ದೊಡ್ಡ ಬಿರುಕು ಇರೋದಿಲ್ಲ. ಹಾಗಾಗಿ ಹೆಂಟೆಯ ಡೆನ್ಸಿಟಿ ಉಂಗುರದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಬರುತ್ತದೆ. ಎರಡನ್ನೂ ಒಂದೇ ಗ್ರಾಫಿನಲ್ಲಿ ಬೆರೆಸಿದ್ದರೆ ಒಣ ಕಡೆ ಗೆರೆ ಕಾರಣವಿಲ್ಲದೆ ಮೇಲಕ್ಕೆ ಬಾಗುತ್ತದೆ. ಬೆರೆಸಲೇಬೇಕಾದರೆ ಆ ಬಿಂದುಗಳಿಗೆ ಬೇರೆ ಬಣ್ಣ ಕೊಡಿ.

ಸುಣ್ಣದ ಹರಳುಗಳನ್ನೂ ನೋಡಿಕೊಳ್ಳಿ. ಎರೆಯಲ್ಲಿ ಇವು ಇರೋದು ಸಾಮಾನ್ಯ. ಉಂಗುರದಲ್ಲಿ ಒಂದು ದೊಡ್ಡ ಹರಳು ಸಿಕ್ಕರೆ ತೂಕ ಏರುತ್ತದೆ, ನೀರು ಇಳಿಯುತ್ತದೆ, ಆ ಒಂದು ಬಿಂದು ಗೆರೆಯಿಂದ ದೂರ ಬೀಳುತ್ತದೆ. ಒಣಗಿಸಿದ ಮೇಲೆ ಮಣ್ಣು ಒಡೆದು ನೋಡಿ, ಇದ್ದರೆ ಬರೆದಿಡಿ.

ಓವನ್ ಕಡೆ

ನಿಯಮ ಎಲ್ಲರಿಗೂ ಗೊತ್ತು. 105 ಡಿಗ್ರಿ, 24 ಗಂಟೆ. ಎರೆಮಣ್ಣಿನ ವಿಷಯದಲ್ಲಿ 24 ಗಂಟೆ ಅನ್ನೋದನ್ನು ಕಣ್ಣುಮುಚ್ಚಿ ನಂಬಬೇಡಿ. ಹಸಿ ಎರೆಮಣ್ಣನ್ನು ಉಂಗುರದ ಸಮೇತ ಇಟ್ಟರೆ ಹೊರಗೆ ಗಟ್ಟಿಯಾಗಿ ಒಳಗೆ ನೀರು ಉಳಿದಿರುತ್ತದೆ. ಓವನ್ ತುಂಬಾ ಹಸಿ ಡಬ್ಬಿ ಜೋಡಿಸಿದರಂತೂ ಇನ್ನೂ ನಿಧಾನ. ಮಣ್ಣನ್ನು ಉಂಗುರದಿಂದ ಒಂದು ಚೂರೂ ಬೀಳದ ಹಾಗೆ ಅಗಲ ಡಬ್ಬಿಗೆ ಹಾಕಿ, ಚೂರಿಯಿಂದ ಸಣ್ಣಗೆ ಹೆಚ್ಚಿ, ಮುಚ್ಚಳ ತೆಗೆದು ಇಡಿ.

ಒಣಗಿದೆಯಾ ಅಂತ ತಿಳಿಯಲು ಗಡಿಯಾರ ನೋಡಬೇಡಿ, ತಕ್ಕಡಿ ನೋಡಿ. 24 ಗಂಟೆ ಆದ ಮೇಲೆ ಒಮ್ಮೆ ತೂಗಿ, ಮತ್ತೆ ಒಳಗಿಟ್ಟು ನಾಲ್ಕು ಗಂಟೆ ಬಿಟ್ಟು ತೂಗಿ. ನೂರಿಪ್ಪತ್ತು ಗ್ರಾಂ ಮಣ್ಣಿಗೆ ವ್ಯತ್ಯಾಸ 0.1 ಗ್ರಾಂ ಒಳಗಿದ್ದರೆ ಸಾಕು, ಅದಕ್ಕಿಂತ ಜಾಸ್ತಿ ಇದ್ದರೆ ಮತ್ತೆ ಒಳಗೆ. ನಮ್ಮ ಹಸಿ ಮಾದರಿಯಲ್ಲೇ 3 ಗ್ರಾಂ ನೀರು ಉಳಿದುಬಿಟ್ಟಿದ್ದರೆ ಒಣ ತೂಕ 120 ರ ಬದಲು 123 ಆಗುತ್ತಿತ್ತು, ತೂಕದ ತೇವ 0.36 ರಿಂದ 0.327 ಕ್ಕೆ ಇಳಿಯುತ್ತಿತ್ತು. ಈ ತಪ್ಪಿಗೂ ಒಂದು ಗುರುತು ಇದೆ. ಹಸಿ ಮಾದರಿಗಳೇ ಹೆಚ್ಚು ತಪ್ಪುತ್ತವೆ, ಒಣ ಮಾದರಿಗಳು ಸರಿ ಇರುತ್ತವೆ, ಹಾಗಾಗಿ ಗೆರೆಯ ಹಸಿ ತುದಿ ಕೆಳಕ್ಕೆ ಜಗ್ಗುತ್ತದೆ. ಡೆನ್ಸಿಟಿ ತಪ್ಪು ಅದೇ ತುದಿಯನ್ನು ಮೇಲಕ್ಕೆ ತಳ್ಳುತ್ತಿತ್ತು, ನೆನಪಿದೆಯಲ್ಲ? ಎರಡೂ ಒಟ್ಟಿಗೆ ಇದ್ದರೆ ಒಂದನ್ನೊಂದು ಮುಚ್ಚಿಹಾಕುತ್ತವೆ. ಅದಕ್ಕೇ ಓವನ್ ಸರಿಪಡಿಸಿದ ಮೇಲೆ ರಂಧ್ರದ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಬೇಕು.

ಒಣಗುತ್ತಿರುವ ಡಬ್ಬಿಗಳ ನಡುವೆ ಹೊಸ ಹಸಿ ಡಬ್ಬಿ ಇಡಬೇಡಿ. ಹೊರತೆಗೆದ ಡಬ್ಬಿಯನ್ನು ಬಿಸಿ ಇರುವಾಗಲೇ ತೂಗಬೇಡಿ, ಬಿಸಿ ಗಾಳಿ ಮೇಲೇಳುವಾಗ ತಕ್ಕಡಿ ಕಡಿಮೆ ತೋರಿಸುತ್ತದೆ. ಹಾಗಂತ ಮೇಜಿನ ಮೇಲೆ ತೆರೆದಿಟ್ಟು ಚಹಾ ಕುಡಿದು ಬಂದರೂ ಆಗೋದಿಲ್ಲ. ಒಣ ಎರೆಮಣ್ಣು ಗಾಳಿಯಿಂದ ತೇವ ಎಳೆದುಕೊಳ್ಳುತ್ತದೆ, ತಕ್ಕಡಿಯಲ್ಲಿ ಅಂಕಿ ನಿಧಾನವಾಗಿ ಏರುತ್ತಾ ಹೋಗೋದು ಕಣ್ಣಿಗೇ ಕಾಣುತ್ತದೆ. ಮುಚ್ಚಳ ಹಾಕಿ ಡೆಸಿಕೇಟರ್‌ನಲ್ಲಿ ಆರಿಸಿ. ಇದೇ ಕಾರಣಕ್ಕೆ ನೆರಳಲ್ಲಿ ಒಣಗಿಸಿದ ಎರೆಮಣ್ಣನ್ನು "ಸೊನ್ನೆ ತೇವ" ಅಂತ ಹಿಡಿದು ಸೆನ್ಸರ್‌ನ ಒಣ ಬಿಂದು ಬರೆದುಕೊಳ್ಳೋದೂ ತಪ್ಪು. ನೋಡಲು ಪುಡಿಪುಡಿ, ಆದರೆ ಒಳಗೆ ನೂರಕ್ಕೆ ಐದಾರು ಭಾಗ ನೀರು ಆರಾಮವಾಗಿ ಕೂತಿರುತ್ತದೆ.

ಮನೆಯ ಓಟಿಜಿ ಬಳಸುವವರು ಒಳಗೆ ಬೇರೆ ಥರ್ಮಾಮೀಟರ್ ಇಟ್ಟು ನೋಡಿ, ಗುಂಡಿಯ ಮೇಲಿನ ಅಂಕಿಗೂ ಒಳಗಿನ ಬಿಸಿಗೂ ಬಹಳ ವ್ಯತ್ಯಾಸ ಇರುತ್ತದೆ. ಜಿಪ್ಸಂ ಇರುವ ಮಣ್ಣಾದರೆ, ಅಥವಾ ಸವಳು ಸುಧಾರಣೆಗೆ ಜಿಪ್ಸಂ ಹಾಕಿದ ಹೊಲವಾದರೆ, 105 ರಲ್ಲಿ ಜಿಪ್ಸಂ ತನ್ನೊಳಗೆ ಕಟ್ಟಿಕೊಂಡ ನೀರನ್ನೂ ಬಿಡುತ್ತದೆ. ಅದು ಮಣ್ಣಿನ ತೇವ ಅಲ್ಲ. ಅಂಥಲ್ಲಿ 80 ಡಿಗ್ರಿ ದಾಟದೆ ತೂಕ ನಿಲ್ಲುವವರೆಗೂ ಒಣಗಿಸಬೇಕು, ತಡವಾಗುತ್ತದೆ, ಬೇರೆ ದಾರಿ ಇಲ್ಲ.

ಸೆನ್ಸರ್ ಪಕ್ಕದ ಸಂದು

ಓವನ್ ಲೆಕ್ಕ ಸರಿಯಾಯಿತು, ಆದರೂ ಬಿಂದುಗಳು ಚದುರಿವೆ. ಆಗ ಸೆನ್ಸರ್‌ಗೂ ಮಣ್ಣಿಗೂ ನಡುವಿನ ಸಂದನ್ನು ನೋಡಬೇಕು. ಹಸಿ ಇದ್ದಾಗ ಚುಚ್ಚಿದ ಸೆನ್ಸರ್‌ನ ಸುತ್ತ ಮಣ್ಣು ಒಣಗುತ್ತಾ ಕುಗ್ಗಿದರೆ ಪಟ್ಟಿಯ ಪಕ್ಕ ಕೂದಲೆಳೆಯಷ್ಟು ಜಾಗ ಬಿಡುತ್ತದೆ. ಎಷ್ಟೋ ಸಲ ಬಿರುಕು ಸೆನ್ಸರ್ ಇರುವ ಕಡೆಯೇ ಹುಟ್ಟುತ್ತದೆ, ಯಾಕೆಂದರೆ ಮಣ್ಣು ಅಲ್ಲಿ ಆಗಲೇ ಸೀಳಿದೆ. ಸೆನ್ಸರ್ ತನಗೆ ಅಂಟಿಕೊಂಡ ಕೆಲವು ಮಿ.ಮೀ. ಜಾಗವನ್ನೇ ಹೆಚ್ಚು ನೋಡುತ್ತದೆ. ಅದರ ಅಳತೆಯ ಬುನಾದಿ ಡೈಎಲೆಕ್ಟ್ರಿಕ್ ಬೆಲೆ. ಗಾಳಿಗೆ ಅದು 1, ಒಣಮಣ್ಣಿಗೆ 3 ರಿಂದ 5, ನೀರಿಗೆ ಸುಮಾರು 80. ಆ ಸಣ್ಣ ಸಂದಿನಲ್ಲಿ ಗಾಳಿ ಇದ್ದರೆ ಹೊಲ ಪೂರ್ತಿ ಒಣಗಿದಂತೆ ಕಾಣುತ್ತದೆ, ನೀರು ತುಂಬಿದರೆ ಕೆರೆಯಲ್ಲಿ ಮುಳುಗಿದಂತೆ ಕಾಣುತ್ತದೆ.

ಇದನ್ನು ಸೆನ್ಸರ್‌ನ ದಿನದಿನದ ತೇವದ ಗ್ರಾಫಿನಲ್ಲೇ ಹಿಡಿಯಬಹುದು. ಬೇರು ನೀರು ಎಳೆಯುವಾಗ ಗೆರೆ ಹಗಲು ಇಳಿದು ರಾತ್ರಿ ನಿಂತು ಮೆಟ್ಟಿಲಿನಂತೆ ಇಳಿಯುತ್ತದೆ. ಸಂದು ಬಿಟ್ಟಾಗ ಮೆಟ್ಟಿಲು ಇಲ್ಲದೆ ಧಡಕ್ಕನೆ ಕುಸಿಯುತ್ತದೆ. ಮುಂದಿನ ಸಲ ನೀರು ಬಿಟ್ಟಾಗ, ತೇವ 20 ಸೆಂ.ಮೀ. ಇಳಿಯಲು ಬೇಕಾದ ಹೊತ್ತಿಗಿಂತ ಬಹಳ ಮೊದಲೇ, ಗೆರೆ ನೆಟ್ಟಗೆ ಮೇಲೇರುತ್ತದೆ. ನೀರು ಬಿರುಕಿನಲ್ಲಿ ಓಡಿ ಬಂದಿದೆ ಅಂತ ಅರ್ಥ. ಖಾತ್ರಿ ಮಾಡಿಕೊಳ್ಳಲು ಗೆರೆ ಕುಸಿದ ದಿನ ಸೆನ್ಸರ್‌ನಿಂದ 10–15 ಸೆಂ.ಮೀ. ದೂರದಲ್ಲಿ ಮಾದರಿ ತೆಗೆದು ಓವನ್‌ಗೆ ಹಾಕಿ. ಅಲ್ಲಿ ಕುಸಿತ ಕಾಣದಿದ್ದರೆ ಅದು ಸಂದೇ.

ಕೆಲವರು ಸಂದು ಮುಚ್ಚಲು ಅದೇ ಮಣ್ಣಿನ ರಾಡಿ ಸುರಿಯುತ್ತಾರೆ. ಎರೆಯಲ್ಲಿ ಅದು ಬೇಡ. ರಾಡಿ ಎಲ್ಲಕ್ಕಿಂತ ಹೆಚ್ಚು ಕುಗ್ಗುತ್ತದೆ, ಮೊದಲು ಇದ್ದದ್ದಕ್ಕಿಂತ ದೊಡ್ಡ ಸಂದು ಬಿಡುತ್ತದೆ. ನನ್ನ ಪ್ರಕಾರ ಒಳ್ಳೆಯದು ಹೀಗೆ: ಮಣ್ಣು ಹದದಲ್ಲಿರುವಾಗ, ಅಂದರೆ ಕೈಯಲ್ಲಿ ಹಿಡಿದರೆ ಉಂಡೆಯಾಗಿ ಅಂಟದೆ ಬಿಡುವ ಹೊತ್ತಿಗೆ, ಗುಂಡಿ ತೋಡಿ ಅದರ ಗೋಡೆಗೆ ಅಡ್ಡವಾಗಿ ಚುಚ್ಚಿ. ಪಟ್ಟಿಯ ಅಗಲ ಮೇಲೆ ಕೆಳಗೆ ನಿಲ್ಲಬೇಕು, ಮಲಗಿದರೆ ಅದರ ಮೇಲೆ ನೀರು ನಿಲ್ಲುತ್ತದೆ. ಸೆನ್ಸರ್‌ನಷ್ಟೇ ತೆಳ್ಳಗಿನ ತಗಡಿನಿಂದ ಮೊದಲು ದಾರಿ ಮಾಡಿ, ಚುಚ್ಚುವಾಗ ಅಲ್ಲಾಡಿಸಬೇಡಿ. ನೆಟ್ಟ ತಕ್ಷಣದ ಅಂಕಿಗಳನ್ನು ಕ್ಯಾಲಿಬ್ರೇಷನ್‌ಗೆ ಹಾಕಬೇಡಿ. ಒಂದು ಸಲ ನೀರು ಕುಡಿದು ಒಣಗಲಿ, ಆಮೇಲಿಂದ ಲೆಕ್ಕ.

ಇಷ್ಟೆಲ್ಲಾ ಮಾಡಿದರೂ ಒಂದು ಮಟ್ಟಕ್ಕಿಂತ ಒಣಗಿದ ಎರೆಯಲ್ಲಿ ಸಂದು ಬಿಟ್ಟೇ ಬಿಡುತ್ತದೆ. ನಮ್ಮ ಹೊಲದಲ್ಲಿ ಅದು 1720 ಮಿಲಿವೋಲ್ಟ್ ಆಸುಪಾಸು. ಅದರಾಚೆ ಒಂದೇ ಅಂಕಿಗೆ ಓವನ್ ಬೇರೆ ಬೇರೆ ಬೆಲೆ ಕೊಡುತ್ತಿತ್ತು. ಅಲ್ಲಿ ಗೆರೆಯನ್ನು ಎಳೆದು ಮುಂದುವರಿಸಬೇಡಿ, "ಒಣ" ಅಂತ ಮಾತ್ರ ತೋರಿಸಿ.

ಹೊಲದ ಗಲಾಟೆ ಬೇಡ ಅಂತ ಬಕೆಟ್‌ನಲ್ಲಿ ಜರಡಿ ಹಿಡಿದ ಮಣ್ಣು ತುಂಬಿ ಕ್ಯಾಲಿಬ್ರೇಷನ್ ಮಾಡುವವರೂ ಇದ್ದಾರೆ. ಮಸಾರಿಗೆ ಪರವಾಗಿಲ್ಲ. ಎರೆಮಣ್ಣು ಬಕೆಟ್‌ನಲ್ಲಿ ಉಬ್ಬಿ ಅಂಚು ದಾಟುತ್ತದೆ, ನೀರು ಸುರಿದರೆ ಹೊರಗೆ ಜಿಗುಟಾಗಿ ಒಳಗೆ ಒಣಗಿದ ಉಂಡೆಗಳಾಗುತ್ತವೆ. ಮಾಡಲೇಬೇಕಾದರೆ ಸ್ಪ್ರೇಯಿಂದ ಸ್ವಲ್ಪ ಸ್ವಲ್ಪ ನೀರು ಹಾಕಿ ಕಲಸಿ, ಪ್ಲಾಸ್ಟಿಕ್ ಚೀಲದಲ್ಲಿ ಬಾಯಿ ಕಟ್ಟಿ ಎರಡು ಮೂರು ದಿನ ಇಟ್ಟು ಆಮೇಲೆ ತುಂಬಿ. ಅದರಿಂದ ಬರುವ ಗೆರೆ ಬಕೆಟ್‌ನದ್ದೇ ಹೊರತು ಹೊಲದ್ದಲ್ಲ, ಅಷ್ಟು ನೆನಪಿರಲಿ.

ಈಗ ಸೆನ್ಸರ್ ಸರದಿ

ಇಲ್ಲಿ ಹೆಚ್ಚು ಹೊತ್ತು ಬೇಕಿಲ್ಲ. ಸೆನ್ಸರ್ ತೆಗೆದು ಒರೆಸಿ ಗಾಳಿಯಲ್ಲಿ ಒಮ್ಮೆ, ಪಟ್ಟಿಯ ಮೇಲಿನ ಗುರುತಿನ ಗೆರೆಯವರೆಗೆ ನೀರಲ್ಲಿ ಒಮ್ಮೆ ಓದಿ. ಹತ್ತು ಸಲ ಮಾಡಿದರೂ ಅದೇ ಅಂಕಿಗಳು ಬರಬೇಕು. ಕಡಿಮೆ ಬೆಲೆಯ ಕಪ್ಪು ಪಟ್ಟಿಯ ಕೆಪಾಸಿಟಿವ್ ಸೆನ್ಸರ್‌ಗಳಲ್ಲಿ ನೀರಿನಿಂದ ತೆಗೆದು ಒರೆಸಿದ ಮೇಲೂ ಅಂಕಿ ಗಾಳಿಯ ಬೆಲೆಗೆ ಬರಲು ನಿಮಿಷಗಟ್ಟಲೆ ತೆಗೆದುಕೊಂಡರೆ ಬೋರ್ಡ್‌ನಲ್ಲೇ ದೋಷ. ಔಟ್‌ಪುಟ್ ಕಡೆಯ ಒಂದು ಮೆಗಾ ಓಮ್ ರೆಸಿಸ್ಟರ್ ಗ್ರೌಂಡ್‌ಗೆ ಸೇರದೇ ಇರೋದು ಇಂಥ ಬೋರ್ಡ್‌ಗಳಲ್ಲಿ ಕಂಡುಬರುತ್ತದೆ. ರಾತ್ರಿಯಿಡೀ ನೀರಲ್ಲಿ ಬಿಟ್ಟರೆ ಅಂಕಿ ಜಾರುತ್ತಾ ಹೋದರೆ ಬೋರ್ಡ್‌ನ ಕತ್ತರಿಸಿದ ಅಂಚು ನೀರು ಹೀರುತ್ತಿದೆ. ಹೂಳುವ ಮೊದಲೇ ಅಂಚಿಗೆ ಎಪಾಕ್ಸಿ ಬಳಿದಿರಬೇಕು. ಬಳಿದ ಮೇಲೆ ಸೆನ್ಸರ್‌ನ ಬೆಲೆ ಬದಲಾಗುತ್ತದೆ, ಹಾಗಾಗಿ ಕ್ಯಾಲಿಬ್ರೇಷನ್ ಬಳಿದ ನಂತರವೇ.

ಇಎಸ್‌ಪಿ32 ಬಳಸುವವರು ಪಿನ್ ನೋಡಿಕೊಳ್ಳಿ. ವೈಫೈ ನಡೆಯುವಾಗ ADC2 ಪಿನ್‌ಗಳು ಓದೋದಿಲ್ಲ. ಕಚ್ಚಾ ಅಂಕಿಗಿಂತ ಮಿಲಿವೋಲ್ಟ್ ಓದೋದು ಒಳ್ಳೆಯದು, ಬೋರ್ಡ್ ಬದಲಾದರೂ ಲೆಕ್ಕ ಹೆಚ್ಚು ಕೆಡೋದಿಲ್ಲ. ನಮ್ಮ ನಾಲ್ಕು ಬಿಂದುಗಳಿಗೆ ಎಳೆದ ಗೆರೆ ಇದು:

```
uint32_t s = 0;
for (int i = 0; i < 32; i++) {
  s += analogReadMilliVolts(34);
  delay(20);
}
float mv = s / 32.0;
float theta = 1.098 - 0.000521 * mv;
if (mv > 1720) theta = NAN;
```

ಈ ಅಂಕಿಗಳನ್ನು ನಿಮ್ಮ ಹೊಲಕ್ಕೆ ಎತ್ತಿ ಹಾಕಬೇಡಿ, ಇದು ಆ ಮಣ್ಣಿಗೆ, ಆ ಒಂದು ಸೆನ್ಸರ್‌ಗೆ ಮಾತ್ರ. 1290 ಹಾಕಿ ನೋಡಿದರೆ 0.426 ಬರುತ್ತದೆ, ಓವನ್ ಹೇಳಿದ್ದು 0.432. ನಾಲ್ಕೂ ಕಡೆ ವ್ಯತ್ಯಾಸ 0.006 ಆಸುಪಾಸು. ಆದರೆ ಇನ್ನೊಂದು ವಿಷಯ ಗಮನಿಸಿ: ಎರಡು ತುದಿಗಳಲ್ಲಿ ಗೆರೆ ಕಡಿಮೆ ಹೇಳುತ್ತದೆ, ನಡುವೆ ಹೆಚ್ಚು ಹೇಳುತ್ತದೆ. ನಿಜವಾದ ಸಂಬಂಧ ಸ್ವಲ್ಪ ಬಾಗಿದೆ. ನಾಲ್ಕೇ ಮಟ್ಟ ಇರುವಾಗ ಬಾಗಿದ ಗೆರೆ ಹೊಂದಿಸಲು ಹೋಗಬೇಡಿ, ಏಳೆಂಟು ಮಟ್ಟ ಸೇರಿದ ಮೇಲೆ ನೋಡಬಹುದು. ಪ್ರತಿ ಮಟ್ಟಕ್ಕೂ ಕನಿಷ್ಠ ಮೂರು ಉಂಗುರ ಇರಲಿ. ಮೂರರ ನಡುವೆಯೇ 0.03 ವ್ಯತ್ಯಾಸ ಇದ್ದರೆ ಗೆರೆಯ ಮೇಲೆ ಕೂದಲು ಸೀಳುವುದರಲ್ಲಿ ಅರ್ಥ ಇಲ್ಲ.

ಎಲ್ಲಾ ಸರಿ ಇದ್ದೂ ತಾಳೆಯಾಗದಿದ್ದರೆ ಉಪ್ಪು

ಸಿಂಧನೂರು, ಸಿರುಗುಪ್ಪ ಕಡೆಯ ಕಾಲುವೆ ನೀರಿನ ಎರೆ ಹೊಲಗಳಲ್ಲಿ ಸವಳು ಹೊಸದಲ್ಲ. ಈ ಅಗ್ಗದ ಸೆನ್ಸರ್‌ಗಳು ಒಂದೆರಡು ಮೆಗಾಹರ್ಟ್ಸ್ ಮಟ್ಟದಲ್ಲಿ ಕೆಲಸ ಮಾಡುತ್ತವೆ. ಅಷ್ಟು ಕಡಿಮೆ ಫ್ರೀಕ್ವೆನ್ಸಿಯಲ್ಲಿ ಉಪ್ಪಿನ ವಿದ್ಯುತ್ ಹರಿವೂ ನೀರಿನಂತೆಯೇ ಕಾಣುತ್ತದೆ. ಜೇಡಿಯೂ ತನ್ನದೇ ಪಾಲು ಸೇರಿಸುತ್ತದೆ. 70 ಮೆಗಾಹರ್ಟ್ಸ್‌ನ ದುಬಾರಿ ಸೆನ್ಸರ್‌ಗಳಲ್ಲಿ ಈ ತೊಂದರೆ ಕಡಿಮೆ, ಪೂರ್ತಿ ಇಲ್ಲ ಅಂತಲ್ಲ.

ಗುರುತು ಹೀಗೆ. ಗೆರೆ ಮತ್ತು ಓವನ್ ನಡುವಿನ ವ್ಯತ್ಯಾಸವನ್ನು ಪ್ರತಿ ಮಾದರಿಗೂ ಬರೆದುಕೊಳ್ಳಿ. ಓವನ್‌ನಿಂದ ತೆಗೆದ ಅದೇ ಮಣ್ಣನ್ನು ಒಂದಕ್ಕೆ ಎರಡೂವರೆ ಪಾಲು ನೀರಿನಲ್ಲಿ ಕಲಸಿ ಇಸಿ, ಅಂದರೆ ವಿದ್ಯುತ್ ವಾಹಕತೆ, ನೋಡಿ. ಇಸಿ ಜಾಸ್ತಿ ಇರುವ ಮಾದರಿಗಳಲ್ಲೆಲ್ಲಾ ಸೆನ್ಸರ್ ಹೆಚ್ಚು ತೇವ ಹೇಳುತ್ತಿದ್ದರೆ ಕಾರಣ ಸಿಕ್ಕಿತು. ಇನ್ನೊಂದು ಗುರುತು ದಿನದ ಏರಿಳಿತ. ನೀರು ಬಿಡದ ದಿನ, ಮಧ್ಯಾಹ್ನ ಮಣ್ಣು ಬಿಸಿಯಾದಾಗ ತೇವ ಏರಿ ಬೆಳಗಿನ ಜಾವ ಇಳಿಯುತ್ತದೆ. ಬಿಸಿಲಿಗೆ ನೀರು ಎಲ್ಲಿಂದ ಬಂತು? ಬಿಸಿಗೆ ಉಪ್ಪುನೀರಿನ ಹರಿವು ಹೆಚ್ಚಾಗಿದೆ, ಅಷ್ಟೇ. ಮಾದರಿ ತೆಗೆಯೋದು, ಸೆನ್ಸರ್ ಓದೋದು ಎರಡನ್ನೂ ಬೆಳಿಗ್ಗೆ ಒಂದೇ ಹೊತ್ತಿಗೆ ಮಾಡಿದರೆ ಈ ಏರಿಳಿತದ ಕಾಟ ಬಹಳ ಕಡಿಮೆಯಾಗುತ್ತದೆ. ಉಪ್ಪಿನದ್ದು ಮಾತ್ರ ಹಾಗೆ ಹೋಗೋದಿಲ್ಲ. ಮಳೆಗೆ ಉಪ್ಪು ತೊಳೆದು ಕೆಳಗಿಳಿದರೆ ಅದೇ ಹೊಲದ ಗೆರೆಯೇ ಜರುಗುತ್ತದೆ.

ಹಾಗಾಗಿ ಸವಳು ಎರೆಯಲ್ಲಿ ಮಳೆಗಾಲಕ್ಕೊಂದು, ಹಿಂಗಾರಿಗೊಂದು ಗೆರೆ ಇಟ್ಟುಕೊಳ್ಳಬೇಕಾಗುತ್ತದೆ. ಸವಳಿಲ್ಲದ ಕಡೆ ಒಂದೇ ಸಾಕು, ಆದರೆ ಗೆರೆ ಎಳೆಯುವಾಗ ಬಳಸದ ಎರಡು ಉಂಗುರಗಳನ್ನು, ಒಂದು ಹಸಿ ಇದ್ದಾಗ ಇನ್ನೊಂದು ಹದ ಆರುತ್ತಿರುವಾಗ, ಮುಂದಿನ ಬೆಳೆಯಲ್ಲಿ ತೆಗೆದು ಹೋಲಿಸಿ. ವ್ಯತ್ಯಾಸ 0.03 ಒಳಗಿದ್ದರೆ ಗೆರೆ ಮುಟ್ಟಬೇಡಿ. ಹಸಿಯದ್ದು ಮಾತ್ರ ತಪ್ಪಿದರೆ ಉಂಗುರ ಮತ್ತು ಓವನ್ ಕಡೆ ಹೋಗಿ, ಆರುತ್ತಿರುವಾಗಿನದ್ದು ಮಾತ್ರ ತಪ್ಪಿದರೆ ಸಲಿಕೆ ತೆಗೆದುಕೊಂಡು ಸೆನ್ಸರ್ ಪಕ್ಕ ಅಗೆದು ಸಂದು ನೋಡಿ. ಎರಡೂ ಒಂದೇ ಕಡೆಗೆ ಒಂದೇ ಅಳತೆಯಲ್ಲಿ ಜರುಗಿದ್ದರೆ ಇಸಿ ಮತ್ತು ಸೆನ್ಸರ್‌ಗೆ ಹೋಗುವ ವೋಲ್ಟೇಜ್ ಅಳೆಯಿರಿ.